ಮಾತ್ರೆಯೋ, ಡ್ರಿಪ್ಪೋ? ನಾಲ್ಕನೇ ವಾರದ ರಕ್ತಪರೀಕ್ಷೆ ಹೇಳಲಿ

ದೇಶದ ಗರ್ಭಿಣಿಯರಲ್ಲಿ ಶೇ 52.2ರಷ್ಟು ಮಂದಿಗೆ ರಕ್ತಹೀನತೆಯಿದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಮಾತ್ರೆ ಹಂಚಿ ಫಲವಿಲ್ಲ, ಎಲ್ಲರಿಗೂ ಕಬ್ಬಿಣದ ಡ್ರಿಪ್ ಹಾಕಿಬಿಡಿ ಎನ್ನುವವರಿದ್ದಾರೆ. ಮಾತ್ರೆ ಸೋಲುತ್ತಿರುವುದು ಎಲ್ಲಿ ಎಂದು ನೋಡದೆ ಹಾಗೆನ್ನುವುದು ಅವಸರ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಐವತ್ತು ಕೆ.ಜಿ. ತೂಕದ ಗರ್ಭಿಣಿ, 20ನೇ ವಾರ, ಹಿಮೋಗ್ಲೋಬಿನ್ 8.6 ಗ್ರಾಂ. 'ಅನೀಮಿಯಾ ಮುಕ್ತ ಭಾರತ'ದ ನಿಯಮದಂತೆ ದಿನಕ್ಕೆರಡು ಮಾತ್ರೆ. ಒಂದೊಂದರಲ್ಲೂ 60 ಮಿಲಿಗ್ರಾಂ ಕಬ್ಬಿಣ. ತಿಂಗಳಲ್ಲಿ ಕನಿಷ್ಠ ಒಂದು ಗ್ರಾಂ ಏರಬೇಕು. 24ನೇ ವಾರದಲ್ಲಿ 8.8 ಬಂತು ಎಂದರೆ ಚಿಕಿತ್ಸೆ ನಾಟಿಲ್ಲ.

ಆಗ ಮೊದಲು ಕೇಳಬೇಕಾದದ್ದು, ಮಾತ್ರೆ ಹೊಟ್ಟೆಗೆ ಹೋಗುತ್ತಿದೆಯೇ ಎಂದು. ಮಲ ಕಪ್ಪಾಗದಿದ್ದರೆ ಅನುಮಾನಿಸಬೇಕು. ವಾಕರಿಕೆ, ಮಲಬದ್ಧತೆಗೆ ಹೆದರಿ ಡಬ್ಬಿಯಲ್ಲೇ ಉಳಿಸಿಕೊಂಡವರು ಕಡಿಮೆಯಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನೂ ಇದನ್ನೂ ಒಟ್ಟಿಗೆ ನುಂಗಿದರೆ, ಮೇಲೆ ಚಹಾ ಕುಡಿದರೆ ಕಬ್ಬಿಣ ಹೀರಲ್ಪಡುವುದು ಕುಗ್ಗುತ್ತದೆ. ಎರಡು ಗಂಟೆ ಅಂತರವಿರಲಿ. ಎಲ್ಲ ಸರಿಯಿದ್ದೂ ಏರದಿದ್ದರೆ ಬಿ12 ಕೊರತೆ, ಥಲಸ್ಸೀಮಿಯಾ ವಾಹಕತೆ, ಸೋಂಕುಗಳನ್ನು ಹುಡುಕಬೇಕು. ಅಲ್ಲಿ ಡ್ರಿಪ್ಪೊಂದರಿಂದಲೇ ಕೆಲಸವಾಗದು.

ಕೊರತೆ ಕಬ್ಬಿಣದ್ದೇ, ಆದರೆ ಮಾತ್ರೆ ಒಗ್ಗುತ್ತಿಲ್ಲ ಎಂದಾದರೆ ಡ್ರಿಪ್‌ಗೆ ಅರ್ಥವಿದೆ. ಮೊದಲ ಮೂರು ತಿಂಗಳು ಮಾತ್ರ ಅದು ಬೇಡ. ಈಕೆಗೆ ಬೇಕಾದ ಪ್ರಮಾಣದ ಲೆಕ್ಕ ಸುಲಭ: 11 ಗ್ರಾಂ ಗುರಿಗೆ 2.2 ಕಡಿಮೆ, ಅದನ್ನು 50ರಿಂದಲೂ 2.4ರಿಂದಲೂ ಗುಣಿಸಿ, ದೇಹದ ದಾಸ್ತಾನಿಗೆಂದು 500 ಕೂಡಿಸಿದರೆ 764 ಮಿಲಿಗ್ರಾಂ. ಐರನ್ ಸುಕ್ರೋಸ್ ಆದರೆ ಒಮ್ಮೆಗೆ 200ರಂತೆ ನಾಲ್ಕು ಸಲ ಆಸ್ಪತ್ರೆಗೆ ಬರಬೇಕು. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಒಂದೇ ಭೇಟಿಯಲ್ಲಿ ಮುಗಿಯುತ್ತದೆ. ಕೂಲಿ ಬಿಟ್ಟು ಬರುವವಳಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದಾದ್ದರಿಂದ ಡ್ರಿಪ್ ಮುಗಿದ ಮೇಲೂ ಅರ್ಧ ಗಂಟೆ ನಿಗಾ ಬೇಕು.

ಡ್ರಿಪ್ ಹಾಕಿದ ಮಾತ್ರಕ್ಕೆ ರಕ್ತ ಮರುದಿನ ತುಂಬುವುದಿಲ್ಲ, ಮಜ್ಜೆಗೆ ವಾರಗಳು ಬೇಕು. ಹೆರಿಗೆಯ ಹೊಸ್ತಿಲಲ್ಲಿ ಕೊಟ್ಟರೆ ಹೆರಿಗೆಗೆ ಅದರ ಉಪಯೋಗ ಅಲ್ಪ. ಹಾಗಾಗಿ ಡ್ರಿಪ್ ನಂತರವೂ ನಾಲ್ಕು ವಾರಕ್ಕೆ ಹಿಮೋಗ್ಲೋಬಿನ್ ನೋಡಲೇಬೇಕು. ಫೆರಿಟಿನ್ ಪರೀಕ್ಷೆಯನ್ನು ಅದಕ್ಕೂ ಮೊದಲು ಮಾಡಿಸಿದರೆ ಸುಳ್ಳೇ ಹೆಚ್ಚು ತೋರಿಸುತ್ತದೆ. ಇನ್ನೊಂದು ಎಚ್ಚರ: ಒಮ್ಮೆ ಬೆರಳು ಚುಚ್ಚಿ, ಇನ್ನೊಮ್ಮೆ ಪ್ರಯೋಗಾಲಯದಲ್ಲಿ ಅಳೆದರೆ ಕಂಡ ಏರಿಕೆ ಯಂತ್ರದ್ದೂ ಆಗಿರಬಹುದು.

ಎಷ್ಟು ಮಾತ್ರೆ ಕೊಟ್ಟೆವು ಎಂಬ ಲೆಕ್ಕದಿಂದ ಕಾರ್ಯಕ್ರಮವನ್ನು ಅಳೆದದ್ದು ಸಾಕು. ಚಿಕಿತ್ಸೆ ಶುರುವಾದ ನಾಲ್ಕನೇ ವಾರ ಹಿಮೋಗ್ಲೋಬಿನ್ ಎಷ್ಟು ಏರಿತು ಎಂಬುದನ್ನು ಪ್ರತಿ ತಾಯಿ ಕಾರ್ಡ್‌ನಲ್ಲೂ ಬರೆಯುವುದನ್ನು ಆರೋಗ್ಯ ಇಲಾಖೆ ಕಡ್ಡಾಯ ಮಾಡಲಿ.