ಚಾಕೊಲೇಟ್ ತಿಂದವರು ಯಾರು?

"ಚಾಕೊಲೇಟ್ ತಿನ್ನಿ, ನೊಬೆಲ್ ಗೆಲ್ಲಿ!" ಇಂಥದ್ದೊಂದು ಸುದ್ದಿ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಪಿಯು ಮಕ್ಕಳಿಗೆ ನಾನು ಕೊಡೋ ಪ್ರಶ್ನೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಒಂದು ಕಡೆ ಪೇಪರಿನ ಧಾಟಿಯಲ್ಲಿ ನಾನೇ ಬರೆದ ನಾಲ್ಕು ಸಾಲಿನ ಸುದ್ದಿ, ಪಕ್ಕದಲ್ಲಿ ಮೂಲ ಅಧ್ಯಯನದ ಸಾರಾಂಶ. ಸುದ್ದಿಯ ಯಾವ ಮಾತಿಗೆ ಅಧ್ಯಯನದಲ್ಲಿ ಆಧಾರ ಇದೆ, ಯಾವುದಕ್ಕೆ ಇಲ್ಲ ಅಂತ ಅವರು ಬರೀಬೇಕು.

ಅಧ್ಯಯನ ನಿಜವಾದದ್ದೇ. 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು, ಬರೆದವರು ಫ್ರಾನ್ಜ್ ಮೆಸ್ಸೆರ್ಲಿ ಅನ್ನೋ ವೈದ್ಯರು. 23 ದೇಶಗಳಲ್ಲಿ ತಲಾ ಎಷ್ಟು ಚಾಕೊಲೇಟ್ ಖರ್ಚಾಗುತ್ತೆ, ಒಂದು ಕೋಟಿ ಜನಕ್ಕೆ ಎಷ್ಟು ನೊಬೆಲ್ ಬಂದಿದೆ ಅಂತ ಅವರು ಹೋಲಿಸಿದರು. ಎರಡರ ನಡುವಿನ ಸಹಸಂಬಂಧ 0.79. ಇದು 1 ಆಗಿದ್ದರೆ ಎರಡೂ ಒಂದೇ ಗೆರೆಯ ಮೇಲೆ ಕೂರ್ತಿದ್ದವು, ಅಂದರೆ 0.79 ಸಣ್ಣದೇನಲ್ಲ.

ಹೆಚ್ಚಿನ ಮಕ್ಕಳು "ಸುದ್ದಿ ಸುಳ್ಳು" ಅಂತ ಬರೆದು ಮುಗಿಸ್ತಾರೆ. ಅದಕ್ಕೆ ಅಂಕ ಇಲ್ಲ, ಯಾಕಂದ್ರೆ ಸುದ್ದಿಯಲ್ಲಿನ ಅಂಕಿಗಳೆಲ್ಲ ಸರಿಯಾಗೇ ಇವೆ. ಇನ್ನು ಕೆಲವರು "23 ತುಂಬಾ ಕಡಿಮೆ" ಅಂತಾರೆ. ಅದೂ ಇಲ್ಲಿನ ಮುಖ್ಯ ತೊಂದರೆ ಅಲ್ಲ.

ಜಾಣ ಉತ್ತರ ಒಂದು ಪದ ಹಿಡಿಯುತ್ತೆ. ಅಧ್ಯಯನ ಅಳೆದಿದ್ದು ದೇಶವನ್ನ, ಸುದ್ದಿ ಹೇಳಿದ್ದು "ನೀವು" ಅಂತ. ಸ್ವಿಟ್ಜರ್‌ಲೆಂಡ್ ಎರಡರಲ್ಲೂ ಮುಂದಿದೆ, ನಿಜ. ಆದರೆ ಅಲ್ಲಿ ಪ್ರಶಸ್ತಿ ಗೆದ್ದವರೇ ಚಾಕೊಲೇಟ್ ತಿಂದಿದ್ರಾ, ಪಕ್ಕದ ಮನೆಯವರು ತಿಂದಿದ್ರಾ? ಆ ಡೇಟಾದಲ್ಲಿ ಇದಕ್ಕೆ ಉತ್ತರವೇ ಇಲ್ಲ. ಇನ್ನೂ ಗಮನಿಸೋರು ಇಸವಿ ನೋಡ್ತಾರೆ: ಚಾಕೊಲೇಟ್ ಲೆಕ್ಕ 2002ರಿಂದ ಈಚಿನದು, ನೊಬೆಲ್ ಶುರುವಾಗಿದ್ದು 1901ರಲ್ಲಿ. ಮೊಮ್ಮಗ ತಿಂದ ಚಾಕೊಲೇಟಿಗೆ ತಾತನಿಗೆ ಪ್ರಶಸ್ತಿ!

ಸ್ವೀಡನ್ ಅಂತೂ ಗೆರೆಗೇ ಸಿಗಲ್ಲ. ಅಲ್ಲಿನ ಬಳಕೆಗೆ ಸುಮಾರು 14 ನೊಬೆಲ್ ಬರಬೇಕಿತ್ತು, ಬಂದಿದ್ದು 32. ಮೆಸ್ಸೆರ್ಲಿ ಇದನ್ನ ತಾವೇ ಬರೆದಿದ್ದಾರೆ. ಸಹಸಂಬಂಧ ಇದ್ದ ಮಾತ್ರಕ್ಕೆ ಅದೇ ಕಾರಣ ಅಂತ ಸಾಬೀತಾಗಲ್ಲ ಅಂತಲೂ ಹೇಳಿದ್ದಾರೆ. ಕೊನೆಗೆ ತಾವು ದಿನಾ ಚಾಕೊಲೇಟ್ ತಿನ್ನೋದನ್ನೂ ಒಪ್ಪಿಕೊಂಡಿದ್ದಾರೆ. ಲೇಖನದ ಅರ್ಧ ತಮಾಷೆ ಇದೆ, ಸುದ್ದಿಯಾಗುವಾಗ ಮೊದಲು ಉದುರಿ ಹೋಗೋದು ಅದೇ.

ನಾಲ್ಕು ಅಂಕದಲ್ಲಿ ಎರಡನ್ನ ನಾನು ಕೊನೇ ಪ್ರಶ್ನೆಗೆ ಇಟ್ಟಿರ್ತೀನಿ: ಸುದ್ದಿಯ ಮಾತು ನಿಜವಾಗಬೇಕಾದ್ರೆ ಯಾವ ಮಾಹಿತಿ ಬೇಕಿತ್ತು? "ದುಡ್ಡಿರೋ ದೇಶದಲ್ಲಿ ಚಾಕೊಲೇಟೂ ಜಾಸ್ತಿ, ಲ್ಯಾಬೂ ಜಾಸ್ತಿ. ಅದಕ್ಕೇ ಒಂದೇ ಲ್ಯಾಬಿನಲ್ಲಿ ಗೆದ್ದವರು, ಗೆಲ್ಲದವರು ಇಬ್ಬರನ್ನೂ ಕೇಳಬೇಕು, ಅದೂ ಪ್ರಶಸ್ತಿಗೆ ಮುಂಚೆ ಎಷ್ಟು ತಿಂತಿದ್ರಿ ಅಂತ" ಎಂದು ಒಬ್ಬಳು ಬರೆದಿದ್ದಳು. ಪೂರ್ತಿ ಅಂಕ ಕೊಟ್ಟೆ.