ಸರಳ ಕನ್ನಡದ ಬಜೆಟ್‌ನಲ್ಲಿ ನಮ್ಮ ಕೇರಿ ಎಲ್ಲಿದೆ?



ನಮ್ಮ ಗ್ರಾಮ ಪಂಚಾಯ್ತಿಯವರು ಈ ಸಲ ‘ನಾಗರಿಕರ ಬಜೆಟ್’ ಅಂತ ಒಂದು ಕಿರುಪುಸ್ತಕ ಹಂಚಿದ್ರು. ಸರಳ ಕನ್ನಡ, ದಪ್ಪ ಅಕ್ಷರ, ನಲ್ಲಿ-ಬಲ್ಬಿನ ಚಿತ್ರ. ಗ್ರಾಮಸಭೆಯಲ್ಲಿ ಚಪ್ಪಾಳೆ ಬೇರೆ. ಮನೆಗೆ ತಂದು ಅವ್ವನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ ಅವಳು ಕೇಳಿದ್ದು ಒಂದೇ ಮಾತು: “ನಮ್ ಕೇರಿ ಹೆಸ್ರು ಎಲ್ಲೈತಪ್ಪಾ?”

ಎಲ್ಲೂ ಇರಲಿಲ್ಲ.

ಹಣ ಎಲ್ಲಿಂದ ಬರುತ್ತೆ ಅನ್ನೋದನ್ನ ಪುಸ್ತಕ ಚೆನ್ನಾಗೇ ಹೇಳಿದೆ: ಕೇಂದ್ರ ಹಣಕಾಸು ಆಯೋಗದ ಅನುದಾನ, ರಾಜ್ಯದ ಅನುದಾನ, ಆಮೇಲೆ ಮನೆ ಕಂದಾಯ, ನೀರಿನ ಕರ, ಅಂಗಡಿ ಲೈಸೆನ್ಸಿನಂಥ ಸ್ವಂತ ಆದಾಯ. ಈ ಸ್ವಂತ ಆದಾಯದಲ್ಲಿ ಶೇ. 25ರಷ್ಟನ್ನು ಪರಿಶಿಷ್ಟ ಜಾತಿ, ಪಂಗಡದವರ ಅಭಿವೃದ್ಧಿಗೇ ಖರ್ಚು ಮಾಡಬೇಕು. ಅದು ಯಾರ ಭಿಕ್ಷೆಯೂ ಅಲ್ಲ. ಆದ್ರೆ ಪುಸ್ತಕದಲ್ಲಿ ಆ ಸಾಲೇ ಇಲ್ಲ. ‘ಸಮಾಜ ಕಲ್ಯಾಣ ಮತ್ತು ಇತರೆ’ ಅಂತ ಒಂದೇ ಮೊತ್ತ. ಸರಳ ಮಾಡೋದು ಅಂದ್ರೆ ನಮ್ಮನ್ನ ‘ಇತರೆ’ಯೊಳಗೆ ತುಂಬೋದಾ?

ಇನ್ನೊಂದು ಗುಟ್ಟು ಕೇಳಿ. ಶೇ. 25ರ ಲೆಕ್ಕ ಹಾಕೋದು ವಸೂಲಾದ ಹಣದ ಮೇಲೆ. ಲೆಕ್ಕ ಸುಲಭವಾಗಲಿ ಅಂತ ದುಂಡು ಅಂಕಿ ಹೇಳ್ತೀನಿ. ವರ್ಷಕ್ಕೆ ಬರಬೇಕಾದ ಕಂದಾಯ 12 ಲಕ್ಷ, ವಸೂಲಾಗಿದ್ದು 8 ಲಕ್ಷ ಅಂತ ಇಟ್ಕೊಳ್ಳಿ. ನಮ್ಮ ಪಾಲು 3 ಲಕ್ಷ ಆಗೋ ಕಡೆ 2 ಲಕ್ಷಕ್ಕೆ ಇಳೀತು. ಕಲ್ಯಾಣ ಮಂಟಪ, ರೈಸ್‌ಮಿಲ್ ಇಟ್ಕೊಂಡ ದೊಡ್ಡವರು ಬಾಕಿ ಉಳಿಸಿಕೊಂಡ್ರೆ ನಷ್ಟ ಪಂಚಾಯ್ತಿಗೆ ಮಾತ್ರ ಅಲ್ಲ, ನೇರವಾಗಿ ಕೇರಿಗೆ. ಅದಕ್ಕೇ ಪುಸ್ತಕದಲ್ಲಿ ವಸೂಲಿ ಮಾತ್ರ ಇದೆ, ಬೇಡಿಕೆಯೂ ಇಲ್ಲ, ಬಾಕಿಯೂ ಇಲ್ಲ.

ಉಳಿದ 2 ಲಕ್ಷವಾದ್ರೂ ಕೇರಿ ಮುಟ್ತಾ? ಕಾಮಗಾರಿ ಪಟ್ಟಿ ತೆಗೆಸಿ ನೋಡಿದೆ. ‘ಪ.ಜಾ. ಕಾಲೋನಿಗೆ ಬೀದಿದೀಪ’ ಅಂತ ಬಿಲ್ಲಾಗಿದೆ. ಕಂಬ ಎಣಿಸ್ತಾ ಹೋದ್ರೆ ದೀಪ ಉರೀತಿರೋದು ಬಸ್‌ಸ್ಟ್ಯಾಂಡಿಂದ ಊರ ದೇವಸ್ಥಾನದವರೆಗೆ. ಕೇರಿಯ ತಿರುವಿಗೆ ಬಂದ ಕೂಡಲೇ ಕತ್ತಲೆ. ಕೇಳಿದ್ರೆ, “ಆ ದಾರೀಲಿ ನೀವೂ ಓಡಾಡ್ತೀರಲ್ಲ” ಅಂತಾರೆ. ಓಡಾಡ್ತೀವಿ ಸ್ವಾಮಿ. ಹಾಗಂತ ಊರಿನ ದೀಪಕ್ಕೆ ನಮ್ಮ ಪಾಲಿನ ದುಡ್ಡು ಯಾಕೆ?

ಪುಸ್ತಕ ಬೇಡ ಅಂತಿಲ್ಲ ನಾನು. ಮೂರು ಸಾಲು ಸೇರಿಸಿ ಅಂತಿದ್ದೀನಿ. ಬೇಡಿಕೆ ಎಷ್ಟು, ವಸೂಲಿ ಎಷ್ಟು, ಬಾಕಿ ಎಷ್ಟು. ಶೇ. 25ರ ಮೊತ್ತ ಎಷ್ಟು, ಹೋದ ವರ್ಷ ಅದರಲ್ಲಿ ಖರ್ಚಾಗದೆ ಉಳಿದದ್ದು ಎಷ್ಟು. ಯಾವ ಕಾಮಗಾರಿ ಯಾವ ಬೀದಿಯಲ್ಲಿ, ಯಾರ ಮನೆಯಿಂದ ಯಾರ ಮನೆವರೆಗೆ.

ನಿಮ್ಮೂರಲ್ಲೂ ಇಂಥ ಪುಸ್ತಕ ಬಂದಿದ್ರೆ ಮೊದಲು ‘ಇತರೆ’ ಅನ್ನೋ ಸಾಲು ಹುಡುಕಿ. ಕಾಮಗಾರಿ ಪಟ್ಟಿ ಕೇಳಿ ಪಡೆದು, ರಾತ್ರಿ ಹೊತ್ತು ಅದನ್ನ ಹಿಡ್ಕೊಂಡು ಬೀದಿ ಸುತ್ತಿ. ಸರ್ಕಾರದ ಹಣಕಾಸಿನ ಮೇಲೇ ಪುಸ್ತಕ ಬರೆದ ಬಾಬಾಸಾಹೇಬರ ಮಕ್ಕಳು ನಾವು. ಲೆಕ್ಕ ಕೇಳೋಕೆ ನಾಚಿಕೆ ಯಾಕೆ?

ಜೈ ಭೀಮ್.