ಅರ್ಧ ನಿಮಿಷದ ಪರಿಚಯ

ಉದ್ಯಮಿಗಳ ಸಮಾವೇಶಗಳಲ್ಲಿ ಸೇರಿದವರೆಲ್ಲ ಸರದಿಯಂತೆ ಎದ್ದುನಿಂತು ಅರ್ಧ ನಿಮಿಷದಲ್ಲಿ ತಮ್ಮ ಪರಿಚಯ ಹೇಳಿಕೊಳ್ಳುವ ಪರಿಪಾಠವುಂಟು. ನಮ್ಮ ಮನೆಗಳ ತರುಣ ತರುಣಿಯರು ಅದನ್ನು ಹಿಂದಿನ ರಾತ್ರಿಯೇ ಬರೆದು ಕಂಠಪಾಠ ಮಾಡುತ್ತಾರೆ. ಬರೆದುಕೊಳ್ಳುವುದು ಯೋಗ್ಯವೇ. ಆದರೆ ಗ್ರಂಥಸ್ಥ ಕನ್ನಡದಲ್ಲಿ ಬರೆದದ್ದು ಬಾಯಿಗೆ ಬಂದಾಗ ಶಾಲೆಯಲ್ಲಿ ಪದ್ಯ ಒಪ್ಪಿಸಿದಂತೆ ಕೇಳಿಸುತ್ತದೆ.

ಗದಗಿನ ಕಡೆ ಮರದ ಗಾಣ ನಡೆಸುವ ಶಿವಲೀಲಾ ಎಂಬ ತರುಣಿ ಬೆಂಗಳೂರಿನ ಸಮಾವೇಶಕ್ಕೆ ಹೊರಟಿದ್ದಾಳೆಂದು ಭಾವಿಸೋಣ. ಅವಳು ಮೊದಲು ಬರೆಯುವುದು ಬಹುಶಃ ಹೀಗೆ: “ಗದಗ ಜಿಲ್ಲೆಯ ಗ್ರಾಮವೊಂದರಲ್ಲಿ ಕುಸುಬೆ, ಶೇಂಗಾ ಮೊದಲಾದ ಎಣ್ಣೆಬೀಜಗಳನ್ನು ಮರದ ಗಾಣದಲ್ಲಿ ಅರೆದು ಪರಿಶುದ್ಧವಾದ ಎಣ್ಣೆಯನ್ನು ತಯಾರಿಸಿ ಮಾರಾಟ ಮಾಡುವ ಉದ್ಯಮವನ್ನು ನಡೆಸುತ್ತಿರುವ ನಾನು ಶಿವಲೀಲಾ.”

ವ್ಯಾಕರಣದಲ್ಲಿ ದೋಷವಿಲ್ಲ. ಆದರೆ ಕನ್ನಡ ವಾಕ್ಯದಲ್ಲಿ ವಿಶೇಷಣಗಳೆಲ್ಲ ಮುಂದೆ ಸಾಲುಗಟ್ಟಿ, ಮುಖ್ಯಪದವು ಕಟ್ಟಕಡೆಗೆ ಬರುತ್ತದೆ. ಓದುವವನು ಹಿಂದಿರುಗಿ ನೋಡಬಲ್ಲ. ಕೇಳುವವನಿಗೆ ಆ ಅನುಕೂಲವಿಲ್ಲ. ಆದುದರಿಂದ ‘ಅರೆದು’, ‘ತಯಾರಿಸಿ’, ‘ಮಾಡುವ’ ಎಂಬ ಒಂದೊಂದು ಕೊಂಡಿಯಲ್ಲೂ ವಾಕ್ಯವನ್ನು ಕತ್ತರಿಸಿ, ಅವಳು ಮನೆಯಲ್ಲಿ ಆಡುವ ಮಾತಿನಲ್ಲಿಯೇ ಬರೆಯಬೇಕು:

“ನಮಸ್ಕಾರ್ರೀ. ನಾನು ಶಿವಲೀಲಾ, ಗದಗಿನ ಕಡೆಯಾಕಿ. ನಮ್ಮದು ಕಟ್ಟಿಗಿ ಗಾಣ ಐತ್ರಿ. ಕುಸುಬಿ ಎಣ್ಣಿ, ಶೇಂಗಾ ಎಣ್ಣಿ ತಗೀತೀವಿ. ಕಾಸೂದಿಲ್ಲ, ಏನೂ ಬೆರಸೂದಿಲ್ಲ. ಈಗ ಎಲ್ಲಾ ನಮ್ಮೂರಾಗ ಖರ್ಚಾಗತೈತಿ. ಬೆಂಗಳೂರಾಗ ಇದನ್ನ ಇಟ್ಟು ಮಾರೋ ಎರಡು ಕಿರಾಣಿ ಅಂಗಡಿ ಬೇಕಾಗ್ಯಾವ್ರಿ. ಗೊತ್ತಿದ್ದವರು ಊಟದ ಹೊತ್ತಿಗೆ ಸಿಗ್ರಿ. ಹೆಸರು ಶಿವಲೀಲಾ.”

ಸುಮಾರು ಮೂವತ್ತೈದು ಪದಗಳು. ಅವಸರವಿಲ್ಲದೆ ಹೇಳಿದರೂ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ‘ಪರಿಶುದ್ಧ’ ಎಂದು ಎಲ್ಲ ವರ್ತಕರೂ ಹೇಳುತ್ತಾರೆ. ‘ಏನೂ ಬೆರಸೂದಿಲ್ಲ’ ಎಂಬುದು ನೆನಪಿನಲ್ಲಿ ನಿಲ್ಲುತ್ತದೆ. ‘ಎಲ್ಲರ ಸಹಕಾರ ಬೇಕು’ ಎಂದರೆ ಯಾರೂ ಎದ್ದು ಬರರು. ‘ಎರಡು ಕಿರಾಣಿ ಅಂಗಡಿ’ ಎಂದಾಗ ಯಾರಿಗಾದರೂ ತಮ್ಮ ಪರಿಚಯದ ಅಂಗಡಿ ನೆನಪಾದೀತು. ಹೆಸರನ್ನು ಎರಡು ಬಾರಿ ಹೇಳಿದ್ದಕ್ಕೂ ಕಾರಣವುಂಟು. ಮೊದಲ ಸಲ ಹೇಳುವಾಗ ಸಭೆಯು ಇನ್ನೂ ಹಿಂದಿನವರ ಮಾತಿನ ಗುಂಗಿನಲ್ಲಿರುತ್ತದೆ. ಬೆಂಗಳೂರಿಗೆ ಹೋದೊಡನೆ ನಮ್ಮ ಕಡೆಯ ಮಾತನ್ನು ಮರೆಮಾಚಬೇಕೆಂಬ ಭಾವನೆ ಕೆಲವರಲ್ಲಿದೆ. ಅದು ನನಗೆ ಒಪ್ಪಿಗೆಯಿಲ್ಲ. ತೀರ ಸ್ಥಳೀಯವಾದ ಪದವೊಂದನ್ನು ಬದಲಿಸಿದರೆ ಸಾಕು, ಧಾಟಿಯನ್ನಲ್ಲ.

ಹೊರಡುವ ಮುನ್ನ ಮನೆಯ ಹಿರಿಯರೊಬ್ಬರೆದುರು ಒಮ್ಮೆ ಹೇಳಿ, “ನಾನು ಏನು ಮಾಡುತ್ತೇನೆ, ನನಗೇನು ಬೇಕು?” ಎಂದು ಕೇಳಬೇಕು. ಅವರು ತಡವರಿಸಿದರೆ ವಾಕ್ಯವನ್ನು ತಿದ್ದಬೇಕು. ಒಂದೇ ಸ್ಥಳದಲ್ಲಿ ಎರಡು ಸಲ ನಾಲಗೆ ತೊಡರಿದರೆ ಅಲ್ಲಿಯ ಪದವನ್ನೇ ತೆಗೆಯಬೇಕು. ಮೊದಲ ಮತ್ತು ಕೊನೆಯ ವಾಕ್ಯಗಳನ್ನಷ್ಟೇ ಕಂಠಪಾಠ ಮಾಡಿದರೆ ಸಾಕು. ನಡುವಿನದು ಸಂಗತಿ ತಿಳಿದಿದ್ದರೆ ತಾನೇ ಬರುತ್ತದೆ. ಇನ್ನು ಊಟದ ಹೊತ್ತಿನಲ್ಲಿ ಒಬ್ಬರೇ ಎದುರಿಗೆ ಸಿಕ್ಕಾಗ ಇಷ್ಟೂ ಬೇಡ. ಹೆಸರು, ಗಾಣ, ಎರಡೇ ಮಾತು, ಬಳಿಕ “ತಾವು ಏನ್ ಮಾಡ್ತೀರಿ?” ಎಂದು ಕೇಳಿ ಸುಮ್ಮನಾಗಬೇಕು.